ಬಿರುಮಳೆಗೆ ನಿಂತು ಸೋನೆಗೆ ಜಾರಿದ ಇಳಿಜಾರು: ಮ್ಯಾಟ್ರಿಕ್ ಸಕ್ಷನ್‌ನ ಒಂದು ಪ್ರಕರಣ

ರಸ್ತೆಗಾಗಿ ಗುಡ್ಡದ ಬದಿ ಕಡಿದಿದ್ದರು. ಎತ್ತರ ಸುಮಾರು ಆರು ಮೀಟರ್, ಇಳಿಜಾರು 45 ಡಿಗ್ರಿ. ಕಲ್ಲು ಕೊಳೆತು ಅಲ್ಲೇ ಮಣ್ಣಾದ ಜಾಗ. ಮಣ್ಣು ಮರಳಿನದೇ, ಆದರೆ ನಯವಾದ ಸಿಲ್ಟ್ ಸಾಕಷ್ಟು ಬೆರೆತಿತ್ತು. ಕಡಿದದ್ದು ಒಣ ಕಾಲದಲ್ಲಿ. ಮೂರೂವರೆ ತಿಂಗಳು ಹನಿ ಮಳೆಯಿರಲಿಲ್ಲ. ಯಂತ್ರದ ಹಲ್ಲು ಎಳೆದ ಗೆರೆಗಳು ಕಡಿದ ಮುಖದ ಮೇಲೆ ಕೆತ್ತಿದಂತೆ ಉಳಿದಿದ್ದವು.

ಮಳೆಗಾಲದ ಮೊದಲ ಮಳೆ ಗುಡುಗಿನೊಂದಿಗೆ ಬಂತು. ಒಂದು ಗಂಟೆಯೊಳಗೆ 55 ಮಿಲಿಮೀಟರ್ ಸುರಿಯಿತು. ಚರಂಡಿ ಉಕ್ಕಿತು, ಇಳಿಜಾರಿನ ಮೇಲೆ ಕೊರಕಲುಗಳು ಮೂಡಿದವು, ಆದರೆ ಗುಡ್ಡ ಅಲುಗಲಿಲ್ಲ. ಆಮೇಲಿನ ಎರಡು ವಾರ ಬಿಟ್ಟುಬಿಟ್ಟು ಮಳೆಯಾಯಿತು. ಅದಾದ ಮೇಲೆ ಹಗಲು ರಾತ್ರಿ ಎನ್ನದೆ ನಾಲ್ಕು ದಿನ ಸೋನೆ ಹಿಡಿಯಿತು. ಗಂಟೆಗೆ ಎರಡು ಮಿಲಿಮೀಟರ್ ಆಸುಪಾಸಿನ ಮಳೆ. ನಾಲ್ಕನೆಯ ದಿನ ಬೆಳಗಿನ ಜಾವ ಹದಿನೈದು ಮೀಟರ್ ಅಗಲದ ಮಣ್ಣಿನ ಪದರ ಕಳಚಿ ಕೆಳಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಸ್ಥಳದ ಮೇಲ್ವಿಚಾರಕರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಈ ಬರಹದ ಪ್ರಶ್ನೆ: “ಅಷ್ಟು ದೊಡ್ಡ ಮಳೆಗೇ ಬೀಳಲಿಲ್ಲ ಸಾರ್, ಈ ಸೋನೆಗೆ ಹೇಗೆ ಬಿತ್ತು?”

ಮಣ್ಣು ಕುಸಿದಾಗ ಒಳಗೆ ಒರತೆ ಎದ್ದಿರಬೇಕು, ಅಂತರ್ಜಲ ಮೇಲೆ ಬಂದಿರಬೇಕು ಎಂದು ಊಹಿಸುವುದು ವಾಡಿಕೆ. ಇಲ್ಲಿ ಹಾಗಾಗಿರಲಿಲ್ಲ. ಕಳಚಿದ ಗಾಯ ಇಳಿಜಾರಿಗೆ ಸಮಾನಾಂತರವಾಗಿತ್ತು. ಅದರ ಆಳ ನೆಟ್ಟಗೆ ಅಳೆದರೆ ಒಂದೂವರೆ ಮೀಟರ್. ಎಲ್ಲೂ ನೀರು ಜಿನುಗುತ್ತಿರಲಿಲ್ಲ. ಗಾಯದ ಮೇಲೆ ನಿಂತು ಸಲಾಕೆಯಿಂದ ಕೆದಕಿದೆ. ಮೊದಲ ಒಂದು ಗೇಣು ಮಣ್ಣು ಕೈಗೆ ಮೆತ್ತಿಕೊಳ್ಳುವಷ್ಟು ಒದ್ದೆ. ಅದರಾಚೆ ಸಲಾಕೆ ಟಣ್ ಎಂದಿತು. ಅಲ್ಲಿಂದ ಕಿತ್ತ ಹೆಂಟೆ ಬೆರಳಿಗೆ ಬೆಚ್ಚಗೆ, ಒಣಗಿ ಗಟ್ಟಿಯಾಗಿತ್ತು. ಒಲೆಯಲ್ಲಿಟ್ಟು ಒಣಗಿಸಿ ತೂಗಿದಾಗ ನೀರಿನ ಪ್ರಮಾಣ ಒಣ ಮಣ್ಣಿನ ತೂಕದ ಬರೀ 10 ಪ್ರತಿಶತ. ನಾಲ್ಕು ದಿನದ ಮಳೆ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಅಂದರೆ ಈ ಇಳಿಜಾರನ್ನು ಕೆಳಗಿನಿಂದ ಯಾವ ನೀರೂ ತಳ್ಳಿರಲಿಲ್ಲ. ಮೇಲಿನಿಂದ ಇಳಿದ ತೇವ ಮಣ್ಣಿನೊಳಗೆ ಇದ್ದ ಏನನ್ನೋ ಕಿತ್ತುಕೊಂಡಿತ್ತು.

ಹಳೆಯ ವರದಿ ತೆರೆದಾಗ ಅದು ಏನೆಂಬುದರ ಸುಳಿವು ಸಿಕ್ಕಿತು. ವಿನ್ಯಾಸಕ್ಕೆ ಬಳಸಿದ, ಮಣ್ಣನ್ನು ಅಡ್ಡಕ್ಕೆ ಸರಿಸಿ ಬಲ ಅಳೆಯುವ ಶಿಯರ್ ಪರೀಕ್ಷೆಯಲ್ಲಿ ಕೊಹೆಶನ್, ಅಂದರೆ ಮೇಲಿನ ಭಾರವಿಲ್ಲದೆಯೂ ಮಣ್ಣಿಗಿರುವ ಹಿಡಿತ, 22 ಕಿಲೋಪಾಸ್ಕಲ್; ಭಾರ ಹೆಚ್ಚಿದಂತೆ ಬಲ ಎಷ್ಟು ಏರುತ್ತದೆಂದು ಹೇಳುವ ಘರ್ಷಣ ಕೋನ 33 ಡಿಗ್ರಿ ಎಂದಿತ್ತು. ಇಂಥ ಮರಳು ಮಣ್ಣಿಗೆ 22 ಬಹಳ ಹೆಚ್ಚು. ಮಾದರಿಯನ್ನು ತೆಗೆದದ್ದು ಬೇಸಗೆಯ ನಡುವೆ, ಪರೀಕ್ಷಿಸಿದ್ದು ಇದ್ದ ಹಾಗೆಯೇ, ನೀರಲ್ಲಿ ನೆನೆಸದೆ. ಸಂಖ್ಯೆಯಲ್ಲಿ ತಪ್ಪಿರಲಿಲ್ಲ. ಆ ದಿನ ಆ ಮಣ್ಣಿಗೆ ನಿಜಕ್ಕೂ ಅಷ್ಟು ಬಲವಿತ್ತು. ಅದನ್ನು ಮಣ್ಣಿನ ಸ್ವಂತ ಗುಣ ಎಂದು ಓದಿಕೊಂಡದ್ದು ತಪ್ಪಾಗಿತ್ತು.

ಗಾಯದ ಹಿಂದಿನಿಂದ ತಂದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ನೀರಿಗೆ ಬಿಟ್ಟೆ. ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಅಂಚಿನಿಂದ ಚೂರುಗಳು ಉದುರತೊಡಗಿದವು. ಐದು ನಿಮಿಷದಲ್ಲಿ ತಳದಲ್ಲಿ ಒಂದು ಚಿಕ್ಕ ರಾಶಿ ಉಳಿಯಿತು, ಅಷ್ಟೇ. ಕಣಗಳನ್ನು ಖನಿಜದ ಅಂಟು ಹಿಡಿದಿದ್ದರೆ ಹೆಂಟೆ ನೀರಿನಲ್ಲೂ ಹೆಂಟೆಯಾಗಿಯೇ ಕೂರುತ್ತದೆ. ಇದು ಕರಗಿ ಕುಸಿದದ್ದರಿಂದ ಅದನ್ನು ಹಿಡಿದಿದ್ದದ್ದು ಸ್ವತಃ ನೀರೇ, ಕಣಗಳ ಸಂದಿಯಲ್ಲಿದ್ದ ಸ್ವಲ್ಪವೇ ನೀರು ಎಂದು ತಿಳಿಯುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಒಣ ಕಾಲದ ಪ್ರತಿ ಮಾದರಿಗೂ ಮಾಡಬೇಕೆಂದು ನಾನು ಹಟ ಹಿಡಿಯುತ್ತೇನೆ.

ಮಣ್ಣು ನೀರಿನಿಂದ ಪೂರ್ತಿ ತುಂಬಿಕೊಂಡಿಲ್ಲದಾಗ ಅದರ ಸಂದುಗಳಲ್ಲಿ ಗಾಳಿಯೂ ಇರುತ್ತದೆ, ನೀರೂ ಇರುತ್ತದೆ. ಎರಡರ ನಡುವಿನ ಮೇಲ್ಮೈ ಒಳಕ್ಕೆ ಬಾಗಿರುತ್ತದೆ. ಮೇಲ್ಮೈ ಎಳೆತದಿಂದಾಗಿ ನೀರಿನ ಒತ್ತಡ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯುತ್ತದೆ. ಈ ಎರಡು ಒತ್ತಡಗಳ ವ್ಯತ್ಯಾಸವೇ ಮ್ಯಾಟ್ರಿಕ್ ಸಕ್ಷನ್. ಬಾಗು ಎಷ್ಟು ಬಿಗಿಯೋ ಸಕ್ಷನ್ ಅಷ್ಟು ಹೆಚ್ಚು: 10 ಕಿಲೋಪಾಸ್ಕಲ್‌ಗೆ ಬಾಗಿನ ತ್ರಿಜ್ಯ ಸುಮಾರು 14 ಮೈಕ್ರಾನ್, 100ಕ್ಕೆ ಸುಮಾರು 1.4 ಮೈಕ್ರಾನ್. ಮಣ್ಣು ಒಣಗುತ್ತಾ ಹೋದಂತೆ ಮೊದಲು ದೊಡ್ಡ ಸಂದುಗಳು ಬರಿದಾಗುತ್ತವೆ, ನೀರು ಇನ್ನೂ ಕಿರಿದಾದ ಮೂಲೆಗಳಿಗೆ ಸರಿಯುತ್ತದೆ, ಅಲ್ಲಿಂದ ಕಣಗಳನ್ನು ಒಂದರ ಕಡೆಗೊಂದು ಎಳೆದು ಹಿಡಿಯುತ್ತದೆ. ಹೀಗೆ ಎಳೆದುಕೊಂಡ ಕಣಗಳ ನಡುವೆ ಘರ್ಷಣೆ ಹೆಚ್ಚುತ್ತದೆ. ಪರೀಕ್ಷೆಯ ಪೆಟ್ಟಿಗೆಯಲ್ಲಿ ಅದು ಕೊಹೆಶನ್‌ನ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಗಾಯದ ಹಿಂದಿನ ಒಣ ಮಣ್ಣಿನಲ್ಲಿ ಸಕ್ಷನ್ ಎಷ್ಟಿದೆ ಎಂದು ಅಳೆಯಲು ಫಿಲ್ಟರ್ ಪೇಪರ್ ವಿಧಾನ ಬಳಸಿದೆವು. ವಾಟ್‌ಮನ್ 42 ಕಾಗದದ ಬಿಲ್ಲೆಯನ್ನು ಮಣ್ಣಿನ ಎರಡು ತುಂಡುಗಳ ನಡುವೆ, ಎರಡೂ ಕಡೆ ಮಣ್ಣು ತಾಗುವಂತೆ ಇಟ್ಟು, ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ, ತಾಪ ಬದಲಾಗದ ಕಡೆ ಒಂದು ವಾರ ಬಿಡಬೇಕು. ಮಣ್ಣಿನ ಸಕ್ಷನ್‌ಗೆ ಸಮನಾಗುವಷ್ಟು ನೀರನ್ನು ಕಾಗದ ಎಳೆದುಕೊಳ್ಳುತ್ತದೆ. ಆಮೇಲಿನ ಕೆಲಸವೆಲ್ಲ ಸೆಕೆಂಡುಗಳದು. ಡಬ್ಬಿ ತೆರೆದ ಕೂಡಲೇ ಚಿಮುಟದಿಂದ ಕಾಗದ ಎತ್ತಿ, ಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗವನ್ನೂ ತೋರಿಸುವ ತಕ್ಕಡಿಯಲ್ಲಿ ತೂಗಬೇಕು; ಅರ್ಧ ನಿಮಿಷ ಗಾಳಿಯಲ್ಲಿ ಹಿಡಿದುಕೊಂಡರೆ ಉತ್ತರವೇ ಬದಲಾಗುತ್ತದೆ. ನಮ್ಮ ಕಾಗದ ಒದ್ದೆಯಾಗಿದ್ದಾಗ 0.3396 ಗ್ರಾಂ, ಒಣಗಿಸಿದಾಗ 0.2380 ಗ್ರಾಂ. ನೀರಿನ ಪ್ರಮಾಣ 42.7 ಪ್ರತಿಶತ. ಈ ಕಾಗದಕ್ಕೆ ಪ್ರಮಾಣಿತವಾದ ಸಮೀಕರಣ

```
log10(ψ) = 5.327 − 0.0779 w
```

ಇದರಲ್ಲಿ w ಜಾಗದಲ್ಲಿ 42.7 ಇಟ್ಟರೆ ψ, ಅಂದರೆ ಸಕ್ಷನ್, 100 ಕಿಲೋಪಾಸ್ಕಲ್ ಎಂದು ಬರುತ್ತದೆ. ಕಾಗದದಲ್ಲಿ ನೀರು 45.3 ಪ್ರತಿಶತ ದಾಟಿದರೆ ಬೇರೆ ಸಮೀಕರಣ. ಅದನ್ನು ಮರೆತು ಇದನ್ನೇ ಬಳಸಿದ ಲೆಕ್ಕಗಳನ್ನೂ ನೋಡಿದ್ದೇನೆ.

ಒಂದೇ ಸಂಖ್ಯೆ ಸಾಲದು. ಬೇರೆ ಬೇರೆ ತೇವದಲ್ಲಿ ಇದೇ ಮಣ್ಣು ಎಷ್ಟು ಸಕ್ಷನ್ ತೋರಿಸುತ್ತದೆ ಎಂದು ಅಳೆದು ಬಿಂದುಗಳನ್ನು ಜೋಡಿಸಿದಾಗ ಜಲಧಾರಣ ರೇಖೆ ಸಿಗುತ್ತದೆ. ನಮ್ಮ ಬಿಂದುಗಳ ಮೂಲಕ 1980ರ ವಾನ್ ಗೆನುಖ್ಟನ್ ಸೂತ್ರದ ರೇಖೆ ಎಳೆದೆವು. ತುಂಬಿದಾಗ ಮಣ್ಣಿನ ಗಾತ್ರದ 42 ಪ್ರತಿಶತ ನೀರು. ಎಷ್ಟು ಎಳೆದರೂ ಸುಲಭಕ್ಕೆ ಬಿಡದ ಉಳಿಕೆ ನೀರು 6 ಪ್ರತಿಶತ. ರೇಖೆಯ ಆಕಾರ ನಿರ್ಧರಿಸುವ ಸೂತ್ರದ ಎರಡು ಸಂಖ್ಯೆಗಳಲ್ಲಿ α ಪ್ರತಿ ಕಿಲೋಪಾಸ್ಕಲ್‌ಗೆ 0.05, n 1.8. ರೇಖೆಯ ಆಕಾರವನ್ನು ಮಾತಿನಲ್ಲಿ ಹೇಳುವುದಾದರೆ, ಮೊದಲ ಕೆಲವು ಕಿಲೋಪಾಸ್ಕಲ್‌ವರೆಗೆ ಮಣ್ಣು ನೀರನ್ನು ಹೆಚ್ಚು ಕಡಿಮೆ ಬಿಡುವುದೇ ಇಲ್ಲ. ಹತ್ತರ ಹತ್ತಿರ ಗಾಳಿ ಒಳನುಗ್ಗಲು ಶುರುವಾಗುತ್ತದೆ. ಅಲ್ಲಿಂದ ರೇಖೆ ಕಡಿದಾಗಿ ಇಳಿದು, ನೂರರ ಹೊತ್ತಿಗೆ ಬಿಟ್ಟುಕೊಡಬಲ್ಲ ನೀರಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ.

ಈ ರೇಖೆ ಬಲದ ಲೆಕ್ಕಕ್ಕೆ ಬರುವ ಬಗೆ ಹೀಗೆ. ಬಿಷಪ್ 1959ರಲ್ಲಿ ಸೂಚಿಸಿದ ವಿಚಾರವೆಂದರೆ, ಸಕ್ಷನ್ ಪೂರ್ತಿಯಾಗಿ ಕಣಗಳ ಮೇಲೆ ಕೆಲಸ ಮಾಡುವುದಿಲ್ಲ, ಅದರ ಒಂದು ಪಾಲು ಮಾತ್ರ ಮಾಡುತ್ತದೆ. ಫ್ರೆಡ್‌ಲಂಡ್ ಮತ್ತು ಸಂಗಡಿಗರು 1978ರಲ್ಲಿ ಸಕ್ಷನ್‌ಗೆ ಪ್ರತ್ಯೇಕ ಕೋನವೊಂದನ್ನು ಕೊಟ್ಟರು. ವನಪಲ್ಲಿ ಮತ್ತು ಸಂಗಡಿಗರು 1996ರಲ್ಲಿ ಆ ಪಾಲನ್ನು ಜಲಧಾರಣ ರೇಖೆಯಿಂದಲೇ ಓದಬಹುದೆಂದು ತೋರಿಸಿದರು. ನಾನು ಬಳಸಿದ್ದು ಅವರ ಸರಳ ರೂಪ:

```
τ = c' + (σ − ua) tanφ' + Se (ua − uw) tanφ'
```

ಇಲ್ಲಿ τ ಮಣ್ಣಿನ ಬಲ, c' ನಿಜವಾದ ಕೊಹೆಶನ್, φ' ಘರ್ಷಣ ಕೋನ, σ ಜಾರುವ ಮೇಲ್ಮೈಗೆ ಲಂಬವಾದ ಒತ್ತಡ, ua ಗಾಳಿಯ ಒತ್ತಡ, uw ನೀರಿನ ಒತ್ತಡ; ಕೊನೆಯ ಎರಡರ ವ್ಯತ್ಯಾಸವೇ ಸಕ್ಷನ್. Se ಎಂದರೆ ಬಿಟ್ಟುಕೊಡಬಲ್ಲ ನೀರಿನಲ್ಲಿ ಇನ್ನೂ ಉಳಿದಿರುವ ಭಾಗ. ಸಕ್ಷನ್ ಎಳೆಯಬೇಕಾದರೆ ಎಳೆಯಲು ನೀರಿರಬೇಕು. ನೀರು ಕಡಿಮೆಯಾದಂತೆ ಸಕ್ಷನ್ ಹೆಚ್ಚುತ್ತದೆ, ಆದರೆ ಅದು ಹಿಡಿಯುವ ಜಾಗ ಕಿರಿದಾಗುತ್ತದೆ. ಒಣಗುವ ಮಣ್ಣಿನ ಬಲವೆಲ್ಲ ಈ ಎರಡರ ಗುಣಲಬ್ಧದಲ್ಲಿದೆ.

ನೆನೆಸಿದ ಮಾದರಿಗಳನ್ನು ನಿಧಾನವಾಗಿ ಶಿಯರ್ ಮಾಡಿದಾಗ ಬಂದ ನಿಜವಾದ ಕೊಹೆಶನ್ 4 ಕಿಲೋಪಾಸ್ಕಲ್, ಘರ್ಷಣ ಕೋನ 32 ಡಿಗ್ರಿ. ಉಳಿದದ್ದನ್ನು ಸೂತ್ರದಿಂದ ಲೆಕ್ಕ ಹಾಕಿದೆ. ಸಕ್ಷನ್ 10 ಇದ್ದಾಗ ಅದರಿಂದ ಸಿಗುವ ಹೆಚ್ಚುವರಿ ಬಲ 5.6 ಕಿಲೋಪಾಸ್ಕಲ್. 20 ಇದ್ದಾಗ 9.2. 100 ಇದ್ದಾಗ 16.8. ಇದಕ್ಕೆ 4 ಸೇರಿಸಿದರೆ 20.8, ಹಳೆಯ ವರದಿಯ 22 ಎಲ್ಲಿಂದ ಬಂತೆಂಬುದು ಗೊತ್ತಾಯಿತು. ಅದರ ಐದರಲ್ಲಿ ನಾಲ್ಕು ಪಾಲು ಬೇಸಗೆಯದು.

ಈ ಸಂಖ್ಯೆಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಬೇಕು, ಏಕೆಂದರೆ ಪ್ರಕರಣದ ತಿರುಳು ಅಲ್ಲಿದೆ. ಬೇಸಗೆ ಇನ್ನೂ ಎರಡು ತಿಂಗಳು ಮುಂದುವರಿದು ಸಕ್ಷನ್ 100ರಿಂದ 200ಕ್ಕೆ ಏರಿದ್ದರೆ ಸಿಗುತ್ತಿದ್ದ ಹೆಚ್ಚುವರಿ ಬಲ 3 ಕಿಲೋಪಾಸ್ಕಲ್‌ಗೂ ಕಡಿಮೆ. ಅದೇ ಒದ್ದೆ ತುದಿಯಲ್ಲಿ ಸಕ್ಷನ್ 20ರಿಂದ ಸೊನ್ನೆಗೆ ಇಳಿದರೆ 9 ಕಿಲೋಪಾಸ್ಕಲ್‌ಗಿಂತ ಹೆಚ್ಚು ಬಲ ಹೋಗುತ್ತದೆ. ಒಣ ತುದಿಯಲ್ಲಿ ನೂರು ಗಳಿಸಿದರೂ ಕೈಗೆ ಹತ್ತುವುದು ಅಲ್ಪ; ಒದ್ದೆ ತುದಿಯಲ್ಲಿ ಒಂದೊಂದು ಕಿಲೋಪಾಸ್ಕಲ್ ಹೋದಾಗಲೂ ಅದರ ಹೆಚ್ಚು ಕಡಿಮೆ ಅರ್ಧದಷ್ಟು ಬಲವಾಗಿಯೇ ಹೋಗುತ್ತದೆ. ಎಷ್ಟು ದೀರ್ಘ ಬೇಸಗೆಯೋ ಅಷ್ಟು ಗಟ್ಟಿ ಗುಡ್ಡ ಎಂದು ನಂಬಿ ಕೂತವರು ಈ ತುದಿಯನ್ನು ನೋಡಿರುವುದಿಲ್ಲ. ಎಲ್ಲ ಮಣ್ಣಿಗೂ ಇದು ಒಂದೇ ರೀತಿ ಎಂದೂ ಅಲ್ಲ. ಸೂತ್ರದ n ಎರಡನ್ನು ದಾಟಿದರೆ, ಅಂದರೆ ಮಣ್ಣು ಶುದ್ಧ ಮರಳಿನತ್ತ ವಾಲಿದರೆ, ಒಂದು ಹಂತದ ನಂತರ ಒಣಗಿದಷ್ಟೂ ಬಲ ಇಳಿಯುತ್ತದೆ. ಒದ್ದೆ ಮರಳಿನಲ್ಲಿ ಮಕ್ಕಳು ಕಟ್ಟಿದ ಗೋಪುರ ಬಿಸಿಲೇರಿದಾಗ ತಾನಾಗಿ ಉದುರುವುದು ಇದರಿಂದಲೇ.

ಈಗ ಜಾರಿದ ಪದರದ ಲೆಕ್ಕ. ಇಳಿಜಾರಿಗೆ ಸಮಾನಾಂತರವಾದ ತೆಳು ಪದರ, 45 ಡಿಗ್ರಿ, ಒಂದೂವರೆ ಮೀಟರ್ ಆಳ. ಹಿಡಿಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಸುರಕ್ಷತಾ ಗುಣಾಂಕ; ಅದು ಒಂದಕ್ಕಿಂತ ಕೆಳಗಿಳಿದರೆ ಪದರ ಜಾರುತ್ತದೆ. ಈ ಕೋನದಲ್ಲಿ ಘರ್ಷಣೆಯೊಂದೇ ಕೊಡುವ ಗುಣಾಂಕ 0.62. ಒಂದನ್ನು ಮುಟ್ಟಲು ಬೇಕಾದ ಉಳಿದದ್ದನ್ನೆಲ್ಲ ಕೊಹೆಶನ್ ಮತ್ತು ಸಕ್ಷನ್ ಸೇರಿ ಒದಗಿಸಬೇಕು. ಬೇಸಗೆಯಲ್ಲಿ, 100 ಕಿಲೋಪಾಸ್ಕಲ್ ಸಕ್ಷನ್ ಇದ್ದಾಗ, ಗುಣಾಂಕ 2.3. ವಿನ್ಯಾಸಕಾರರು ನೆಮ್ಮದಿಯಾಗಿದ್ದದ್ದು ಈ ಸಂಖ್ಯೆಯನ್ನು ನೋಡಿ. ಸಕ್ಷನ್ 20ಕ್ಕೆ ಇಳಿದಾಗಲೂ 1.6 ಇರುತ್ತದೆ, 10ಕ್ಕೆ ಇಳಿದಾಗ 1.3, 5ಕ್ಕೆ ಇಳಿದಾಗ 1.1. ಎರಡು ಕಿಲೋಪಾಸ್ಕಲ್‌ನಲ್ಲಿ 0.99. ಗಮನಿಸಿ, ಜಾರಲು ಸಕ್ಷನ್ ಸೊನ್ನೆಯಾಗಬೇಕಾಗಿಯೇ ಇಲ್ಲ. ಮಣ್ಣು ಇನ್ನೂ ಪೂರ್ತಿ ತುಂಬಿರುವುದಿಲ್ಲ, ಕೊಳವೆ ಇಳಿಸಿದರೆ ಒಂದು ಹನಿ ನೀರು ಸಿಗುವುದಿಲ್ಲ, ಆದರೂ ಪದರ ಹೊರಡುತ್ತದೆ.

ಹಾಗಿದ್ದರೆ ಬಿರುಮಳೆಗೆ ಏಕೆ ಹೊರಡಲಿಲ್ಲ? ಎರಡು ಕಾರಣಗಳು ಒಂದನ್ನೊಂದು ಸೇರಿದ್ದವು. ಮೊದಲನೆಯದು ಆಳ. ತೇವ 65 ಸೆಂಟಿಮೀಟರ್‌ವರೆಗೆ ಮಾತ್ರ ಇಳಿದಿದ್ದರೆ, ಆ ಪದರದಲ್ಲಿ ಸಕ್ಷನ್ ಎರಡಕ್ಕೆ ಬಿದ್ದರೂ ಗುಣಾಂಕ ಸುಮಾರು 1.45 ಇರುತ್ತದೆ. ತೆಳು ಪದರಕ್ಕೆ ತೂಕ ಕಡಿಮೆ, 4 ಕಿಲೋಪಾಸ್ಕಲ್ ಕೊಹೆಶನ್ ಅದನ್ನು ಹಿಡಿದುಕೊಳ್ಳಬಲ್ಲದು. ಪದರ ದಪ್ಪವಾದಂತೆ ತೂಕ ಏರುತ್ತದೆ, ಕೊಹೆಶನ್ ಅಷ್ಟೇ ಇರುತ್ತದೆ. ತೇವದ ಅಂಚು 1.45 ಮೀಟರ್ ದಾಟಿದಾಗ ಹಿಡಿತ ತಪ್ಪುತ್ತದೆ. ನಾವು ಅಳೆದ ಗಾಯದ ಆಳ ಒಂದೂವರೆ ಮೀಟರ್.

ಎರಡನೆಯದು ನೀರು ಒಳಗಿಳಿಯುವ ವೇಗ. ತುಂಬಿದ ಸ್ಥಿತಿಯಲ್ಲಿ ಈ ಮಣ್ಣು ನೀರನ್ನು ಬಿಡುವುದು ಗಂಟೆಗೆ ಸುಮಾರು 3.6 ಮಿಲಿಮೀಟರ್. ಒಣ ಮಣ್ಣು ಮೊದಲು ಇದಕ್ಕಿಂತ ಬೇಗ ಹೀರುತ್ತದೆ ನಿಜ, ಆದರೆ ಗಂಟೆಗೆ 55 ಮಿಲಿಮೀಟರ್ ಸುರಿದಾಗ ದೊಡ್ಡ ಪಾಲು ಮೇಲೆಯೇ ಹರಿದು ಚರಂಡಿ ಸೇರಿತು. ಮರುದಿನ ಅಗೆದು ನೋಡಿದವರು ತೇವ ಒಂದು ಗೇಣಿಗಿಂತ ಕೆಳಗಿಳಿದಿರಲಿಲ್ಲ ಎಂದು ಹೇಳಿದ್ದರು. ಸೋನೆಯ ಕಥೆ ಬೇರೆ. ಗಂಟೆಗೆ ಎರಡು ಮಿಲಿಮೀಟರ್ ಎಂದರೆ ಮಣ್ಣಿನ ಬಾಯಿಗೆ ತಕ್ಕ ತುತ್ತು. ಬಿದ್ದ ಹನಿಯಲ್ಲಿ ಬಹುಪಾಲು ಒಳಗೇ ಹೋಯಿತು. ಒಣ ಮಣ್ಣಿನ ಗಾತ್ರದಲ್ಲಿ 16 ಪ್ರತಿಶತ ನೀರಿತ್ತು, ನೆನೆದಾಗ 37. ಆ ವ್ಯತ್ಯಾಸವನ್ನು ಒಂದೂವರೆ ಮೀಟರ್ ಆಳಕ್ಕೆ ತುಂಬಲು ಸುಮಾರು 315 ಮಿಲಿಮೀಟರ್ ನೀರು ಒಳಗಿಳಿಯಬೇಕು. ಎರಡು ವಾರದ ಬಿಡುಮಳೆ ಅದರಲ್ಲಿ ಅರ್ಧದ ಹತ್ತಿರ ತುಂಬಿಟ್ಟಿತ್ತು. ಉಳಿದದ್ದನ್ನು ನಾಲ್ಕು ದಿನದ ಸೋನೆ ಪೂರೈಸಿತು. ಮೇಲ್ವಿಚಾರಕರಿಗೆ ಮಳೆ ಲೆಕ್ಕದ ಹಾಳೆಯ ಮೇಲೆಯೇ ಇದನ್ನು ಕೂಡಿಸಿ ತೋರಿಸಿದೆ. ಅವರು ಬಹಳ ಹೊತ್ತು ಹಾಳೆ ನೋಡಿ, “ಹಾಗಾದರೆ ಸದ್ದು ಮಾಡುವ ಮಳೆಗಿಂತ ನಿಲ್ಲದ ಮಳೆ ನೋಡ್ಕೋಬೇಕು” ಎಂದರು. ಈ ಮಣ್ಣಿನ ಮಟ್ಟಿಗೆ ಅದು ಸರಿಯಾದ ಮಾತು.

ನೆನೆದ ಮಣ್ಣಿಗೆ 42 ಎನ್ನದೆ 37 ಎಂದು ಬರೆದದ್ದು ಕೈತಪ್ಪಲ್ಲ. ಜಲಧಾರಣ ರೇಖೆಯನ್ನು ಸಾಮಾನ್ಯವಾಗಿ ಒಣಗಿಸುತ್ತಾ ಅಳೆಯುತ್ತಾರೆ. ಅದೇ ಮಣ್ಣು ನೆನೆಯುವಾಗ ಬೇರೆ ದಾರಿ ಹಿಡಿಯುತ್ತದೆ: ಅಗಲವಾದ ಸಂದು ತುಂಬಲು ಸಕ್ಷನ್ ಬಹಳ ಇಳಿಯಬೇಕಾಗುತ್ತದೆ, ಒಂದಷ್ಟು ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಂದೇ ಪ್ರಮಾಣದ ನೀರಿಗೆ ನೆನೆಯುವ ಮಣ್ಣಿನ ಸಕ್ಷನ್ ಒಣಗುವ ಮಣ್ಣಿಗಿಂತ ಕಡಿಮೆ. ಒಣಗುವ ರೇಖೆಯನ್ನೇ ಹಿಡಿದು ಮಳೆಗಾಲದ ಬಲ ಊಹಿಸಿದರೆ ಲೆಕ್ಕ ಅಪಾಯದ ಕಡೆಗೆ ತಪ್ಪುತ್ತದೆ. ನಮ್ಮಲ್ಲಿ ನೆನೆಯುವ ರೇಖೆಯ ಬಿಂದುಗಳು ಎರಡು ಮೂರು ಮಾತ್ರ ಇದ್ದವು. ಒದ್ದೆ ತುದಿಗೆ ಅವನ್ನೇ ನಂಬಿಕೊಂಡೆ. ಇನ್ನೊಂದು ಮಿತಿಯೂ ಇದೆ. ಈ ಮಣ್ಣು ಒಣಗಿದಾಗ ಬಿರುಕು ಬಿಡುವುದಿಲ್ಲ. ಜೇಡಿಮಣ್ಣಾಗಿದ್ದರೆ ಇಡೀ ಲೆಕ್ಕ ಬದಲಾಗುತ್ತಿತ್ತು: ಬೇಸಗೆ ಹೆಂಟೆಗಳನ್ನು ಕಲ್ಲಿನಷ್ಟು ಗಟ್ಟಿ ಮಾಡಿದರೂ ಅವುಗಳ ನಡುವೆ ಬಿರುಕು ತೆರೆಯುತ್ತದೆ, ಮೊದಲ ಬಿರುಮಳೆಯೇ ಬಿರುಕಿನ ಮೂಲಕ ನೇರ ಆಳಕ್ಕೆ ಇಳಿಯುತ್ತದೆ, ಆಗ ನನ್ನ 315 ಮಿಲಿಮೀಟರ್ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ದುರಸ್ತಿಗೆ ನೆನೆದ ಬಲವನ್ನಷ್ಟೇ ನಂಬಿದೆವು. ಇಳಿಜಾರನ್ನು ಒಂದು ಎತ್ತರಕ್ಕೆ ಒಂದೂವರೆ ಅಡ್ಡಕ್ಕೆ ತಗ್ಗಿಸಿದಾಗ, ಸಕ್ಷನ್ ಸೊನ್ನೆ ಎಂದು ಹಿಡಿದರೂ ಒಂದೂವರೆ ಮೀಟರ್ ಆಳದಲ್ಲಿ ಗುಣಾಂಕ 1.25 ಬಂತು. ಮೇಲಂಚಿನಲ್ಲಿ ನೀರು ತಿರುಗಿಸುವ ಕಾಲುವೆ, ಮುಖದ ಮೇಲೆ ಹುಲ್ಲು. ಸಕ್ಷನ್ ಕೊಡುವ ಬಲವನ್ನು ಲೆಕ್ಕಕ್ಕೆ ಹಿಡಿಯಬೇಕೆಂದರೆ ಅದನ್ನು ಕಾಯಲೂ ಬೇಕು. ರಸ್ತೆ ಬದಿಯಲ್ಲಿ ವರ್ಷಗಟ್ಟಲೆ ಕಾಯುವವರಿಲ್ಲ ಎಂಬುದು ನನ್ನ ಅನುಭವ. ಜಾಗ ಇಕ್ಕಟ್ಟಾಗಿ 45 ಡಿಗ್ರಿಯಲ್ಲೇ ಬಿಡಬೇಕಾಗಿ ಬಂದ ಪಕ್ಕದ ತುಂಡಿನಲ್ಲಿ ಮಾತ್ರ, ಅದನ್ನು ಮೊಳೆ ಹೊಡೆದು ಬಿಗಿಯುವವರೆಗೆ, 0.3, 0.75 ಮತ್ತು 1.5 ಮೀಟರ್ ಆಳದಲ್ಲಿ, ನೀರು ತುಂಬಿದ ಕೊಳವೆಯಿಂದ ಮಣ್ಣಿನ ಸಕ್ಷನ್ ಅಳೆಯುವ ಟೆನ್ಸಿಯೋಮೀಟರ್ ಇಟ್ಟೆವು. ಅತಿ ಆಳದ್ದು 10 ಕಿಲೋಪಾಸ್ಕಲ್‌ಗಿಂತ ಕೆಳಗಿಳಿದರೆ ಕೆಳಗಿನ ರಸ್ತೆ ಮುಚ್ಚಬೇಕೆಂದು ತೀರ್ಮಾನ.

ಮುಂದಿನ ಒಣ ಕಾಲದಲ್ಲಿ ಒಂದು ಮಧ್ಯಾಹ್ನ ಕರೆ ಬಂತು. ಮೇಲಿನ ಟೆನ್ಸಿಯೋಮೀಟರ್ ಸೊನ್ನೆ ತೋರಿಸುತ್ತಿದೆ, ರಸ್ತೆ ಮುಚ್ಚಬೇಕೇ ಎಂದು. ಮಳೆ ಬಂದು ಆರು ವಾರ ಕಳೆದಿತ್ತು. ಸಾಮಾನ್ಯ ಟೆನ್ಸಿಯೋಮೀಟರಿನೊಳಗಿನ ನೀರಿನ ಕಂಬ ಸುಮಾರು 90 ಕಿಲೋಪಾಸ್ಕಲ್‌ ತನಕ ಮಾತ್ರ ಎಳೆತ ತಾಳುತ್ತದೆ. ಅದಕ್ಕೂ ಮೀರಿ ಮಣ್ಣು ಎಳೆದಾಗ ಒಳಗೆ ಗುಳ್ಳೆ ಎದ್ದು ಗಾಳಿ ಸೇರಿಕೊಳ್ಳುತ್ತದೆ, ಮುಳ್ಳು ಸೊನ್ನೆಯತ್ತ ಬೀಳುತ್ತದೆ. ಹಿಂದಿನ ದಿನಗಳ ಅಂಕಿಗಳನ್ನು ಓದಲು ಹೇಳಿದೆ. 71, 78, 84, ಆಮೇಲೆ ಒಮ್ಮೆಲೇ 6, ಇವತ್ತು 0. ಕೆಳಗಿನ ಎರಡು ಮಾಪಕಗಳು ದಿನವೂ ನಿಧಾನವಾಗಿ ಏರುತ್ತಲೇ ಇದ್ದವು. ಮೇಲಿನ ಮಾಪಕ ನೀರು ಕಳೆದುಕೊಂಡಿತ್ತು, ಮಣ್ಣು ಒಣಗಿಯೇ ಇತ್ತು. ಕುದಿಸಿ ಆರಿಸಿದ ನೀರು ತುಂಬಿ ಮತ್ತೆ ಕೂರಿಸಲು ಹೇಳಿ, ರಸ್ತೆ ತೆರೆದೇ ಇರಲಿ ಎಂದೆ.